ಅಕ್ಕನಿಗೆ ಬಂದ ಸಮನ್ಸ್, ಫೀಸು ಕೇಳದ ವಕೀಲರು

ಪ್ರಶ್ನೆ: ಮೇಡಂ, ನನ್ನ ಅಕ್ಕನಿಗೆ ಮಂಗಳೂರಿನ ಕೌಟುಂಬಿಕ ನ್ಯಾಯಾಲಯದಿಂದ ಸಮನ್ಸ್ ಬಂದಿದೆ. ಭಾವ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ, ವಿಚ್ಛೇದನಕ್ಕೆ ಹಾಕಿದ್ದಾರೆ. ಮೂರು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದಾಗ ಅಕ್ಕ ತೊಕ್ಕೊಟ್ಟಿನ ನಮ್ಮ ಮನೆಗೆ ಬಂದದ್ದು. ಭಾವ ಆಮೇಲೆ ಕರೆದುಕೊಂಡು ಹೋಗಲೇ ಇಲ್ಲ, ಹಣವೂ ಕಳಿಸುವುದಿಲ್ಲ. ಅರ್ಜಿಯಲ್ಲಿ ‘ಕಾರಣವಿಲ್ಲದೆ ಬಿಟ್ಟು ಹೋದಳು’ ಎಂದು ಬರೆದಿದ್ದಾರಂತೆ. ಅಕ್ಕ ಬೀಡಿ ಕಟ್ಟುತ್ತಾಳೆ, ಏಳು ವರ್ಷದ ಮಗಳಿದ್ದಾಳೆ. ದಿನಾಂಕಕ್ಕೆ ಇನ್ನು ಹನ್ನೆರಡೇ ದಿನ. ನನಗೆ ಬೈಕಂಪಾಡಿಯಲ್ಲಿ ಕೆಲಸ, ನಮ್ಮದು ಎಪಿಎಲ್ ಕಾರ್ಡು. ಆದರೂ ಉಚಿತ ವಕೀಲರು ಸಿಗುತ್ತಾರಾ? ಎಲ್ಲಿಗೆ ಹೋಗಬೇಕು? ಉಚಿತದವರು ಕೇಸು ಸರಿಯಾಗಿ ನಡೆಸುವುದಿಲ್ಲ ಅನ್ನುತ್ತಾರಲ್ಲ, ಹೌದಾ?

ಉತ್ತರ: ಸಿಗುತ್ತಾರೆ. ನಿಮ್ಮ ಎಪಿಎಲ್ ಕಾರ್ಡಾಗಲಿ, ನಿಮ್ಮ ಸಂಬಳವಾಗಲಿ, ನಿಮ್ಮ ಅಕ್ಕನ ಬೀಡಿ ಮಜೂರಿಯಾಗಲಿ ಇದಕ್ಕೆ ಅಡ್ಡ ಬರುವುದಿಲ್ಲ. ಉಚಿತ ಕಾನೂನು ನೆರವು ಎಂದರೆ ಬಿಪಿಎಲ್‌ನವರಿಗೆ ಮಾತ್ರ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದುಕೊಂಡಿದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಓದಿದರೆ ಸಂಗತಿ ಬೇರೆಯೇ. ಅಲ್ಲಿ ಅರ್ಹರನ್ನು ಎಂಟು ಉಪಕಲಂಗಳಲ್ಲಿ ಹೇಳಿದ್ದಾರೆ. ಆದಾಯದ ಮಾತು ಬರುವುದು ಕೊನೆಯ ಒಂದರಲ್ಲಿ ಮಾತ್ರ. ಮೂರನೆಯದು, ಅಂದರೆ 12(ಸಿ), ‘ಮಹಿಳೆ ಅಥವಾ ಮಗು’ ಎನ್ನುತ್ತದೆ, ಅಷ್ಟೆ. ಬಡ ಮಹಿಳೆ ಎಂದಿಲ್ಲ, ಗಂಡ ಬಿಟ್ಟವಳು ಎಂದೂ ಇಲ್ಲ. ಬ್ಯಾಂಕ್ ಅಧಿಕಾರಿಯಾದ ಮಹಿಳೆ ಅರ್ಜಿ ಹಾಕಿದರೂ ಆದಾಯದ ಕಾರಣಕ್ಕೆ ಅದನ್ನು ತಿರಸ್ಕರಿಸುವಂತಿಲ್ಲ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಮಾನವ ಸಾಗಣೆಗೆ ಅಥವಾ ಜೀತಕ್ಕೆ ಸಿಕ್ಕಿದವರು, ನೆರೆ–ಭೂಕಂಪದಂಥ ವಿಪತ್ತಿನಲ್ಲಿ ಅಥವಾ ಜಾತಿ ದೌರ್ಜನ್ಯದಲ್ಲಿ ನೊಂದವರು, ಜೈಲಿನಲ್ಲಿ ಅಥವಾ ಬೇರೆ ರೀತಿ ಬಂಧನದಲ್ಲಿ ಇರುವವರು ಇವರಿಗೂ ಆದಾಯದ ಪ್ರಶ್ನೆ ಇಲ್ಲ. ಈ ಯಾವುದರಲ್ಲೂ ಬಾರದ ಗಂಡಸು, ಉದಾಹರಣೆಗೆ ನೀವೇ ನಾಳೆ ನಿಮ್ಮ ಹೆಸರಲ್ಲಿ ಒಂದು ಜಾಗದ ತಕರಾರಿಗೆ ಅರ್ಜಿ ಹಾಕಿದರೆ, ಆಗ ಮಾತ್ರ ರಾಜ್ಯ ಸರ್ಕಾರ ಗೊತ್ತು ಮಾಡಿದ ವಾರ್ಷಿಕ ಆದಾಯದ ಮಿತಿಯೊಳಗೆ ಇದ್ದೀರಾ ಎಂದು ನೋಡುತ್ತಾರೆ. ಆಗಲೂ ಆದಾಯದ ಬಗ್ಗೆ ಅಫಿಡವಿಟ್ ಕೊಟ್ಟರೆ, ಅದನ್ನು ನಂಬದಿರಲು ಕಾರಣವಿಲ್ಲದ ಹೊರತು ಅಷ್ಟು ಸಾಕು ಎಂದು ಕಾಯ್ದೆಯ 13ನೇ ಕಲಂ ಹೇಳುತ್ತದೆ.

ಆದ್ದರಿಂದ ಮೊದಲು ಒಂದು ಕೆಲಸ ಮಾಡಬೇಡಿ: ಆದಾಯ ಪ್ರಮಾಣಪತ್ರಕ್ಕೆಂದು ನಾಡಕಚೇರಿಗೆ ಓಡಬೇಡಿ. ಇರುವ ಹನ್ನೆರಡು ದಿನದಲ್ಲಿ ಅರ್ಧ ಅಲ್ಲಿಯೇ ಹೋಗುತ್ತದೆ. ನಾನು ಉಚಿತ ನೆರವಿನ ವಕೀಲರ ಪ್ಯಾನಲ್‌ನಲ್ಲಿದ್ದಾಗ ಹೀಗೆ ಸರ್ಟಿಫಿಕೇಟಿಗೆ ಕಾದು ಕುಳಿತು, ಮೊದಲ ದಿನಾಂಕ ತಪ್ಪಿಸಿಕೊಂಡು, ಆಮೇಲೆ ನನ್ನ ಬಳಿ ಬಂದವರು ಒಬ್ಬಿಬ್ಬರಲ್ಲ. ಯಾರಾದರೂ ಕೇಳಿದರೆ ‘12(ಸಿ) ಅಡಿಯಲ್ಲಿ ಅರ್ಜಿ’ ಎಂದು ಹೇಳಿ. ಅರ್ಜಿಯ ಮೇಲೂ ಹಾಗೆಯೇ ಬರೆಯಿರಿ.

ಅರ್ಹತೆಯ ಜೊತೆ ಇನ್ನೊಂದು ಷರತ್ತಿದೆ. ಕೇಸು ನಡೆಸುವುದಕ್ಕೆ ಅಥವಾ ಎದುರಿಸುವುದಕ್ಕೆ ಮೇಲ್ನೋಟಕ್ಕೆ ಆಧಾರವಿದೆ ಎಂದು ಪ್ರಾಧಿಕಾರಕ್ಕೆ ಕಾಣಬೇಕು. ತಾವೇ ದಾವೆ ಹೂಡಲು ಹೊರಟವರನ್ನು ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಪ್ರಶ್ನೆ ಕೇಳುತ್ತಾರೆ. ನಿಮ್ಮ ಅಕ್ಕನ ಮೇಲೆ ಗಂಡನೇ ಕೇಸು ಹಾಕಿದ್ದಾರೆ, ಸಮನ್ಸ್ ಕೈಯಲ್ಲಿದೆ. ಇಂಥಲ್ಲಿ ತೊಡಕು ಬರುವುದು ಅಪರೂಪ.

ಹೋಗಬೇಕಾದ ಕಚೇರಿ ದಕ್ಷಿಣ ಕನ್ನಡ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಮಂಗಳೂರಿನ ಜಿಲ್ಲಾ ನ್ಯಾಯಾಲಯ ಸಂಕೀರ್ಣದ ಒಳಗೇ ಇದೆ, ಗೇಟಿನಲ್ಲಿ ‘ಲೀಗಲ್ ಸರ್ವಿಸ್ ಆಫೀಸು’ ಎಂದರೆ ತೋರಿಸುತ್ತಾರೆ. ಜಿಲ್ಲಾ ನ್ಯಾಯಾಧೀಶರು ಇದರ ಅಧ್ಯಕ್ಷರು. ದಿನನಿತ್ಯದ ಕೆಲಸ ನೋಡುವುದು ಸದಸ್ಯ ಕಾರ್ಯದರ್ಶಿ, ಅವರೂ ನ್ಯಾಯಾಧೀಶರೇ. ಅರ್ಜಿಯ ಮೇಲೆ ತೀರ್ಮಾನ ಮಾಡುವವರು ಅವರು, ಆದ್ದರಿಂದ ‘ಯಾರ ಶಿಫಾರಸು ಬೇಕು’ ಎಂದು ಹುಡುಕುವ ಕೆಲಸವಿಲ್ಲ. ಉಡುಪಿಯವರಿಗೆ ಇದೇ ರೀತಿ ಉಡುಪಿ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಪುತ್ತೂರು, ಬಂಟ್ವಾಳ, ಕುಂದಾಪುರ, ಕಾರ್ಕಳದಂಥ ಕಡೆ ಅಲ್ಲಿಯ ನ್ಯಾಯಾಲಯಗಳಲ್ಲೇ ತಾಲೂಕು ಸಮಿತಿಗಳಿವೆ. ಬರಲಾಗದವರು 15100ಕ್ಕೆ ಕರೆ ಮಾಡಬಹುದು, ಅದು ರಾಷ್ಟ್ರೀಯ ಪ್ರಾಧಿಕಾರದ ಸಹಾಯವಾಣಿ. nalsa.gov.in ಮೂಲಕ ಮನೆಯಿಂದಲೇ ಅರ್ಜಿ ಹಾಕುವುದಕ್ಕೂ ಬರುತ್ತದೆ. ಆದರೆ ನಿಮ್ಮ ಹಾಗೆ ದಿನಾಂಕ ತಲೆಯ ಮೇಲಿರುವಾಗ ನಾನು ಆನ್‌ಲೈನ್ ಹೇಳುವುದಿಲ್ಲ. ತೊಕ್ಕೊಟ್ಟಿನಿಂದ ಸ್ಟೇಟ್‌ಬ್ಯಾಂಕ್ ಬಸ್ಸು ಹತ್ತಿ ಬನ್ನಿ, ಕಾಗದ ಕೈಯಾರೆ ಕೊಟ್ಟು ಹೋಗಿ.

ಅಕ್ಕನೇ ಬರಬೇಕು, ನೀವು ಜೊತೆಗೆ ಬನ್ನಿ. ಸಮನ್ಸ್, ಅದರ ಜೊತೆ ಬಂದ ಭಾವನ ಅರ್ಜಿಯ ಪ್ರತಿ, ಅಕ್ಕನ ಆಧಾರ್, ಮದುವೆಯ ದಾಖಲೆ (ನೋಂದಣಿ ಆಗಿರದಿದ್ದರೆ ಆಮಂತ್ರಣ ಪತ್ರಿಕೆ, ಫೋಟೋ), ಮಗಳ ಜನನ ಪ್ರಮಾಣಪತ್ರ ಇಷ್ಟು ತನ್ನಿ. ಸಮನ್ಸ್ ಜೊತೆ ಅರ್ಜಿಯ ಪ್ರತಿ ಬಂದಿರದಿದ್ದರೆ ಅದನ್ನೂ ಮೊದಲೇ ಹೇಳಿ. ಅರ್ಜಿ ನಮೂನೆಗೆ ದುಡ್ಡಿಲ್ಲ, ಕನ್ನಡದಲ್ಲಿ ತುಂಬಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಕಚೇರಿಯವರೇ ಬರೆದುಕೊಂಡು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು ಎಂದು ನಿಯಮವೇ ಇದೆ. ತುಳುವಿನಲ್ಲಿ ಹೇಳಿದರೂ ಅರ್ಥ ಮಾಡಿಕೊಳ್ಳುವವರು ಅಲ್ಲಿ ಇದ್ದೇ ಇರುತ್ತಾರೆ. ಅರ್ಜಿಯ ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ ಮುಂದಿನ ದಿನಾಂಕ ಬರೆಯಿರಿ. ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ನಿಯಮದ ಪ್ರಕಾರ ತೀರ್ಮಾನ ಕೂಡಲೇ ಆಗಬೇಕು, ಹೆಚ್ಚೆಂದರೆ ಏಳು ದಿನದೊಳಗೆ. ತಿರಸ್ಕರಿಸಿದರೆ ಅಧ್ಯಕ್ಷರಿಗೆ ಮೇಲ್ಮನವಿ ಹಾಕಬಹುದು.

ಹನ್ನೆರಡರಲ್ಲಿ ಏಳು ಕಳೆದರೆ ಉಳಿಯುವುದು ಐದೇ ದಿನ. ವಕೀಲರ ನೇಮಕಾತಿ ಪತ್ರ ಕೈಗೆ ಬರುವ ಮೊದಲೇ ದಿನಾಂಕ ಬಂದುಬಿಟ್ಟರೆ? ಎಲ್ಲಕ್ಕಿಂತ ಹೆಚ್ಚು ಮಂದಿ ಎಡವುವುದು ಇಲ್ಲೇ. ‘ನಮ್ಮ ಅರ್ಜಿ ಅಲ್ಲಿದೆಯಲ್ಲ, ಅವರೇ ನೋಡಿಕೊಳ್ಳುತ್ತಾರೆ’ ಎಂದು ಮನೆಯಲ್ಲಿ ಕುಳಿತುಬಿಡುತ್ತಾರೆ. ಪ್ರಾಧಿಕಾರಕ್ಕೆ ಕೊಟ್ಟ ಅರ್ಜಿ ನ್ಯಾಯಾಲಯಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಕೂಗಿದಾಗ ಯಾರೂ ನಿಲ್ಲದಿದ್ದರೆ ಪ್ರಕರಣವನ್ನು ಏಕಪಕ್ಷೀಯವಾಗಿ ನಡೆಸಲು ಆದೇಶವಾಗಬಹುದು. ಅದನ್ನು ರದ್ದುಪಡಿಸಲು ಅರ್ಜಿ ಹಾಕಲು ಬರುತ್ತದೆ, ಆದರೆ ಯಾಕೆ ಬರಲಿಲ್ಲ ಎಂದು ಸಮಾಧಾನವಾಗುವ ಕಾರಣ ಕೊಡಬೇಕು. ಕಟ್ಟಬೇಕಿಲ್ಲದ ಸುಂಕ ಅದು. ಆ ದಿನ ಬೆಳಿಗ್ಗೆ ಅಕ್ಕ ಸ್ವತಃ ನ್ಯಾಯಾಲಯದಲ್ಲಿರಲಿ. ಹೆಸರು ಕೂಗಿದಾಗ ಮುಂದೆ ನಿಂತು, ‘ಉಚಿತ ಕಾನೂನು ನೆರವಿಗೆ ಅರ್ಜಿ ಕೊಟ್ಟಿದ್ದೇನೆ, ವಕೀಲರನ್ನು ಇನ್ನೂ ನೇಮಿಸಿಲ್ಲ, ಸಮಯ ಕೊಡಿ’ ಎಂದು ಸ್ವೀಕೃತಿ ತೋರಿಸಲಿ. ಇಷ್ಟಕ್ಕೆ ವಕೀಲರು ಬೇಕಾಗಿಲ್ಲ, ಇಂಗ್ಲಿಷ್ ಅಂತೂ ಬೇಡವೇ ಬೇಡ. ಆಕ್ಷೇಪಣೆ, ಅಂದರೆ ಭಾವನ ಅರ್ಜಿಗೆ ಬರಹದ ಉತ್ತರ, ಸಲ್ಲಿಸಲು ಸಮನ್ಸ್ ಕೈಸೇರಿದ ದಿನದಿಂದ ಸಾಮಾನ್ಯವಾಗಿ 30 ದಿನ ಇರುತ್ತದೆ. ಕಾರಣವಿದ್ದರೆ ನ್ಯಾಯಾಲಯ ಅದನ್ನು 90 ದಿನದವರೆಗೆ ವಿಸ್ತರಿಸಬಹುದು. ಸಮನ್ಸ್ ಬಂದ ದಿನವನ್ನು ಅದರ ಹಿಂದೆಯೇ ಬರೆದಿಡಿ.

ಈಗ ಪ್ಯಾನಲ್ ವಕೀಲರ ವಿಷಯ. ಇವರು ಸರ್ಕಾರಿ ನೌಕರರಲ್ಲ. ನ್ಯಾಯಾಲಯದಲ್ಲಿ ನೀವು ದಿನಾ ಕಾಣುವ, ತಮ್ಮದೇ ಆಫೀಸು, ತಮ್ಮದೇ ಕಕ್ಷಿದಾರರು ಇರುವ ಸಾಮಾನ್ಯ ವಕೀಲರು. ಕನಿಷ್ಠ ಮೂರು ವರ್ಷ ವೃತ್ತಿ ಮಾಡಿದವರಿಂದ ಅರ್ಜಿ ಕರೆದು, ಆಯ್ದು, ಪಟ್ಟಿ ಮಾಡುತ್ತಾರೆ. ಆ ಪಟ್ಟಿಗೇ ಪ್ಯಾನಲ್ ಎನ್ನುವುದು. ಅವರ ಫೀಸನ್ನು ಪ್ರಾಧಿಕಾರ ಕೊಡುತ್ತದೆ. ಕಕ್ಷಿದಾರರಿಂದ ಹಣವಾಗಲಿ ಬೇರೆ ರೂಪದಲ್ಲಾಗಲಿ ಏನನ್ನೂ ಕೇಳುವಂತಿಲ್ಲ, ಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ನ್ಯಾಯಾಲಯ ಶುಲ್ಕ, ಪ್ರೊಸೆಸ್ ಶುಲ್ಕ, ಟೈಪಿಂಗ್, ಭಾಷಾಂತರ, ದೃಢೀಕೃತ ನಕಲು ಇವೂ ನೆರವಿನೊಳಗೇ ಬರುತ್ತವೆ. ‘ಫೀಸು ಬೇಡ, ಖರ್ಚಿಗೆ ಮಾತ್ರ ಕೊಡಿ’ ಎಂದು ವಕೀಲರಾಗಲಿ ಅವರ ಗುಮಾಸ್ತರಾಗಲಿ ಕೇಳಿದರೆ, ಜಗಳ ಬೇಡ, ‘ಪ್ರಾಧಿಕಾರದಲ್ಲಿ ಕೇಳಿ ಹೇಳುತ್ತೇನೆ’ ಎಂದು ಎದ್ದು ಬನ್ನಿ, ಸದಸ್ಯ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ತಿಳಿಸಿ. ನಿಮ್ಮ ಬಸ್ಸಿನ ಖರ್ಚು, ಹೋದ ದಿನದ ಬೀಡಿಯ ಮಜೂರಿ ಮಾತ್ರ ನಿಮ್ಮ ಲೆಕ್ಕಕ್ಕೆ.

ಪ್ಯಾನಲ್‌ನಲ್ಲಿರುವ ಇಂಥವರೇ ಬೇಕು ಎಂದಿದ್ದರೆ ಅರ್ಜಿಯಲ್ಲೇ ಬರೆಯಬಹುದು, ಸಾಧ್ಯವಾದರೆ ಪರಿಗಣಿಸುತ್ತಾರೆ. ಮಹಿಳಾ ವಕೀಲರೇ ಆಗಬೇಕು ಎನಿಸಿದರೂ ಸಂಕೋಚವಿಲ್ಲದೆ ಕೇಳಿ. ಗಂಡ ಹೆಂಡತಿಯ ಒಳಗಿನ ಸಂಗತಿಗಳನ್ನು ಎಲ್ಲರೆದುರು ಹೇಳುವುದು ಸುಲಭವಲ್ಲ.

ನೇಮಕಾತಿ ಪತ್ರ ಬಂದ ಮೇಲೆ ಅವರಿಗೆ ಫೋನು ಮಾಡಿ ದಿನ ಗೊತ್ತುಮಾಡಿಕೊಂಡು ಅವರ ಆಫೀಸಿಗೆ ಹೋಗಿ. ಕೋರ್ಟಿನ ವರಾಂಡದಲ್ಲಿ ನಿಂತುಕೊಂಡು ಐದು ನಿಮಿಷದಲ್ಲಿ ಮುಗಿಸುವ ಮಾತಲ್ಲ ಇದು. ಅಲ್ಲಿ ಅಕ್ಕ ವಕಾಲತ್ತಿಗೆ ಸಹಿ ಹಾಕುತ್ತಾಳೆ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಾಗಿ ಬರುವುದಿಲ್ಲ, ನ್ಯಾಯಾಲಯದ ಅನುಮತಿ ಬೇಕು ಎಂದು 1984ರ ಕಾಯ್ದೆ ಹೇಳುತ್ತದೆ. ಅನುಮತಿ ಕೇಳುವ ಅರ್ಜಿಯನ್ನು ವಕೀಲರು ಜೊತೆಗೇ ಹಾಕುತ್ತಾರೆ. ಹೆದರಬೇಕಾದ ವಿಷಯವಲ್ಲ.

ನಿಮ್ಮ ಕೇಸಿನಲ್ಲಿ ಅವರು ಮಾಡಬೇಕಾದ ಮುಖ್ಯ ಕೆಲಸ ಎರಡು. ಮೊದಲನೆಯದು ಆಕ್ಷೇಪಣೆ. ಹಿಂದೂ ವಿವಾಹ ಕಾಯ್ದೆಯಲ್ಲಿ ‘ಬಿಟ್ಟು ಹೋದಳು’ ಎಂಬ ಕಾರಣಕ್ಕೆ ವಿಚ್ಛೇದನ ಸಿಗಬೇಕಾದರೆ, ಅರ್ಜಿ ಹಾಕುವ ಮುಂಚಿನ ಎರಡು ವರ್ಷ ಎಡೆಬಿಡದೆ, ಸರಿಯಾದ ಕಾರಣವಿಲ್ಲದೆ, ಗಂಡನ ಒಪ್ಪಿಗೆಯಿಲ್ಲದೆ ಬಿಟ್ಟಿದ್ದಳು ಎಂದು ತೋರಿಸಬೇಕು. ಮೂರು ವರ್ಷ ದೂರ ಇದ್ದದ್ದು ಇಲ್ಲಿ ಇಬ್ಬರೂ ಒಪ್ಪುವ ಸಂಗತಿ. ಜಗಳ ಇರುವುದು ಯಾಕೆ ದೂರವಾದಳು, ವಾಪಸ್ ಹೋಗಲು ಯಾರು ಬಿಡಲಿಲ್ಲ ಎಂಬಲ್ಲಿ. ಆದ್ದರಿಂದ ಅಪ್ಪನ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಬಂದ ತಿಂಗಳು, ‘ಯಾವಾಗ ಕರೆದುಕೊಂಡು ಹೋಗುತ್ತೀರಿ’ ಎಂದು ಅಕ್ಕ ಕಳಿಸಿದ ವಾಟ್ಸಾಪ್ ಸಂದೇಶ, ಅದಕ್ಕೆ ಭಾವ ಕೊಟ್ಟ ಅಥವಾ ಕೊಡದೆ ಬಿಟ್ಟ ಉತ್ತರ, ಮಾತುಕತೆಗೆ ಹೋದ ಹಿರಿಯರ ಹೆಸರು, ಹಣ ಬರುವುದು ನಿಂತ ತಿಂಗಳನ್ನು ತೋರಿಸುವ ಪಾಸ್‌ಬುಕ್ ಇವೆಲ್ಲ ಬೇಕು. ಫೋನು ಬದಲಿಸುವ ಯೋಚನೆ ಇದ್ದರೆ ಈಗ ಬೇಡ. ಸಂದೇಶಗಳು ಇರುವ ಮೂಲ ಫೋನೇ ಮುಂದೆ ಸಾಕ್ಷ್ಯಕ್ಕೆ ಬೇಕಾಗುತ್ತದೆ. ಭಾವನ ಅರ್ಜಿ ಇಂಗ್ಲಿಷಿನಲ್ಲಿದ್ದರೆ ಒಂದೊಂದು ಪ್ಯಾರಾವನ್ನೂ ಓದಿ ಅರ್ಥ ಹೇಳಲು ವಕೀಲರನ್ನು ಕೇಳಿ. ಪ್ರತಿಯೊಂದಕ್ಕೂ ‘ಸರಿ’, ‘ಸುಳ್ಳು’, ‘ಅರ್ಧ ಸರಿ’ ಎಂದು ಅಕ್ಕನೇ ಹೇಳಬೇಕು, ನೀವಲ್ಲ. ಅಣ್ಣತಮ್ಮಂದಿರು ಮುಂದೆ ಕುಳಿತು ಮಾತಾಡಿ, ಅಕ್ಕತಂಗಿಯರು ಗೋಡೆ ನೋಡುತ್ತಾ ಕುಳಿತ ಭೇಟಿಗಳು ನನಗೆ ಬೇಕಾದಷ್ಟು ಆಗಿವೆ. ಪಾಟೀಸವಾಲಿನಲ್ಲಿ ಎದುರು ವಕೀಲರ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಅವಳೇ.

ಎರಡನೆಯದು ಜೀವನಾಂಶ. ಇದನ್ನು ಕೇಳದೆ ಬಿಡುವವರು ಇದ್ದಾರೆ, ‘ಅವನೇ ಹಾಕಿದ ಕೇಸಲ್ಲವಾ, ಮುಗಿಯಲಿ, ಆಮೇಲೆ ನೋಡುವ’ ಎಂದು. ಹಾಗೆ ಕಾಯಬೇಕಾಗಿಲ್ಲ. ಭಾವನೇ ಹಾಕಿದ ಕೇಸಿನೊಳಗೇ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಅಡಿ ಅಕ್ಕ ಮಧ್ಯಂತರ ಜೀವನಾಂಶ ಮತ್ತು ಕೇಸಿನ ಖರ್ಚು ಕೇಳಬಹುದು. ಅದನ್ನು ಸಾಧ್ಯವಾದಷ್ಟು 60 ದಿನದಲ್ಲಿ ತೀರ್ಮಾನಿಸಬೇಕು ಎಂದು ಕಾಯ್ದೆಯಲ್ಲೇ ಇದೆ, ನಡೆಯುವುದು ಬಹಳ ಸಲ ಅದಕ್ಕಿಂತ ನಿಧಾನ. ಮಗಳ ಖರ್ಚನ್ನು ಸೇರಿಸಿ ಕೇಳಲು ವಕೀಲರಿಗೆ ನೆನಪಿಸಿ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ತೀರ್ಪಿನ ನಂತರ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ವಿವರವನ್ನು ಅಫಿಡವಿಟ್‌ನಲ್ಲಿ ಕೊಡಬೇಕು. ಜೀವನಾಂಶ ಲೆಕ್ಕಕ್ಕೆ ಬರುವುದೂ ಅರ್ಜಿ ಹಾಕಿದ ದಿನದಿಂದ. ಆದ್ದರಿಂದ ಈ ಅರ್ಜಿ ಒಂದು ತಿಂಗಳು ತಡವಾದರೆ ಒಂದು ತಿಂಗಳ ಹಣ ಹೋದ ಹಾಗೆ.

ಆ ಅಫಿಡವಿಟ್‌ನಲ್ಲಿ ಅಕ್ಕನ ಬೀಡಿ ಮಜೂರಿಯನ್ನು ಮುಚ್ಚಿಡಬೇಡಿ. ವಾರದ ಲೆಕ್ಕ, ಪಿಎಫ್ ಎಲ್ಲ ಬೀಡಿ ಬ್ರಾಂಚಿನಲ್ಲಿ ದಾಖಲಾಗಿರುತ್ತದೆ, ಎದುರಿನವರು ತರಿಸಿದರೆ ಅವಳ ಉಳಿದ ಮಾತಿಗೂ ಬೆಲೆ ಇರುವುದಿಲ್ಲ. ಸ್ವಲ್ಪ ದುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ಇಲ್ಲ ಎನ್ನುವಂತಿಲ್ಲ. ಭಾವನ ಸಂಬಳದ ಬಗ್ಗೆ ನಿಮಗೆ ಗೊತ್ತಿರುವುದನ್ನೆಲ್ಲ ಕೊಡಿ: ಯಾವ ಹೋಟೆಲು, ಕ್ಯಾಶಿನಲ್ಲಿ ಕೂರುವವರಾ, ಅಡುಗೆಯವರಾ, ಪಾಲುದಾರರಾ, ಹಿಂದೆ ಯಾವ ಖಾತೆಯಿಂದ ಹಣ ಬರುತ್ತಿತ್ತು. ಮುಂಬೈ ಹೋಟೆಲಿನ ಸಂಬಳಕ್ಕೆ ಕಾಗದ ಇರುವುದು ಅಪರೂಪ. ಇಂಥ ಸಣ್ಣ ವಿವರಗಳಿಂದಲೇ ವಕೀಲರು ಅಂದಾಜು ಕಟ್ಟಬೇಕಾಗುತ್ತದೆ.

ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸುತ್ತದೆ, ಆಪ್ತಸಮಾಲೋಚಕರ ಬಳಿ ಅಥವಾ ಮಧ್ಯಸ್ಥಿಕೆಗೆ ಕಳಿಸುತ್ತದೆ. ಹೋಗಲಿ. ಆದರೆ ಅಲ್ಲಿ ಬರೆದ ಷರತ್ತುಗಳನ್ನು ಪ್ಯಾನಲ್ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ‘ಒಂದೇ ಸಲ ಇಷ್ಟು ಕೊಡುತ್ತೇನೆ’ ಎಂಬ ಮಾತಿನಲ್ಲಿ ಮಗಳ ಪಾಲು ಎಷ್ಟು, ಹಣ ಯಾವ ದಿನ ಕೈಗೆ ಎಂಬುದು ಇದೆಯಾ ನೋಡಬೇಕು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಪ್ರಾಧಿಕಾರ ಕೊಡುವ ಫೀಸು ಹೊರಗಿನ ಫೀಸಿಗೆ ಹೋಲಿಸಿದರೆ ಕಡಿಮೆ, ಅದನ್ನು ಮುಚ್ಚಿಡುವುದು ಬೇಡ. ಅದಕ್ಕೆ ತಕ್ಕಂತೆ ಉದಾಸೀನ ಮಾಡುವವರು ಇದ್ದಾರೆ, ಅದೇ ಕೇಸಿಗೆ ಲಕ್ಷ ಕೊಟ್ಟವರಿಗಿಂತ ಚೆನ್ನಾಗಿ ದುಡಿಯುವವರೂ ಇದ್ದಾರೆ. ಯಾರು ಎಂಥವರು ಎಂದು ತಿಳಿಯಲು ಊರಿನ ಮಾತಿಗಿಂತ ದಾಖಲೆ ಮೇಲು. ಪ್ರತಿ ಕೇಸಿಗೂ 16 ಅಕ್ಷರ–ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ವಕೀಲರಿಂದ ಬರೆಸಿಕೊಂಡು, ಫೋನಿನಲ್ಲಿ eCourts Services ಆ್ಯಪ್ ಹಾಕಿಕೊಂಡು ನೋಡಿ. ಪ್ರತಿ ದಿನಾಂಕದಂದು ಏನಾಯಿತು, ಮುಂದಿನ ದಿನಾಂಕ ಯಾವುದಕ್ಕೆ ಎಂದು ಅಲ್ಲಿ ಬರುತ್ತದೆ. ‘ಆಕ್ಷೇಪಣೆಗೆ’ ಎಂದು ಒಂದು ಸಲ ಮುಂದೆ ಹೋದರೆ ಗಾಬರಿ ಬೇಡ. ಎರಡು ಮೂರು ಸಲ ಅದೇ ಇದ್ದರೆ, ನಿಮ್ಮ ಕಾಗದಗಳೆಲ್ಲ ಕೊಟ್ಟು ಆಗಿದ್ದರೆ, ಆಗ ಕೇಳಲೇಬೇಕು. ನ್ಯಾಯಾಧೀಶರು ರಜೆಯಲ್ಲಿದ್ದರು, ಎದುರಿನವರು ಸಮಯ ಕೇಳಿದರು ಎಂದಿದ್ದರೆ ಅದು ನಿಮ್ಮ ವಕೀಲರ ತಪ್ಪಲ್ಲ. ಸಿಟ್ಟಾಗುವ ಮೊದಲು ಇದನ್ನು ಬೇರೆ ಮಾಡಿ ನೋಡಿ.

ಕೇಳಿದರೂ ಸರಿಯಾಗದಿದ್ದರೆ ಸದಸ್ಯ ಕಾರ್ಯದರ್ಶಿಗೆ ಒಂದು ಪುಟದ ಪತ್ರ ಕೊಡಿ. ದಿನಾಂಕಗಳನ್ನು ಬರೆಯಿರಿ, ಬೈಗುಳ ಬೇಡ. ಪ್ಯಾನಲ್ ವಕೀಲರ ಕೆಲಸ ನೋಡಲೆಂದೇ ಪ್ರಾಧಿಕಾರದಲ್ಲಿ ಮೇಲ್ವಿಚಾರಣಾ ಸಮಿತಿ ಇದೆ, ಕೇಸು ಎಲ್ಲಿಗೆ ಬಂತು ಎಂದು ವಕೀಲರು ಅದಕ್ಕೆ ವರದಿ ಕೊಡಬೇಕು. ಕಾರಣವಿದ್ದರೆ ವಕೀಲರನ್ನು ಬದಲಿಸಿ ಕೊಡುತ್ತಾರೆ. ಆದರೆ ಇಲ್ಲಿ ಒಂದು ತಪ್ಪು ಮಾಡಬೇಡಿ. ಸಿಟ್ಟಿನಲ್ಲಿ ನೀವಾಗಿಯೇ ದುಡ್ಡು ಕೊಟ್ಟು ಇನ್ನೊಬ್ಬ ವಕೀಲರನ್ನು ಇಟ್ಟರೆ ಪ್ರಾಧಿಕಾರ ನೆರವನ್ನು ಹಿಂತೆಗೆದುಕೊಳ್ಳಬಹುದು. ಅರ್ಜಿಯಲ್ಲಿ ಸುಳ್ಳು ಹೇಳಿದರೂ, ಕರೆದಾಗ ಬಾರದೆ ವಕೀಲರಿಗೆ ಸಹಕರಿಸದಿದ್ದರೂ ಹಾಗೆಯೇ.

ಕೇಸು ಮುಗಿದ ಮೇಲೆ ತೀರ್ಪಿನ ದೃಢೀಕೃತ ನಕಲು ಕೇಳಿ ಪಡೆಯಿರಿ. ತೀರ್ಪು ಅಕ್ಕನ ವಿರುದ್ಧವಾದರೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ 30 ದಿನ. ಅಲ್ಲಿ ನೆರವು ಕೊಡುವುದು ಹೈಕೋರ್ಟ್ ಕಾನೂನು ಸೇವೆಗಳ ಸಮಿತಿ, ಅದಕ್ಕೆ ಹೊಸ ಅರ್ಜಿ ಬೇಕು, ಇಲ್ಲಿಯ ವಕೀಲರು ತಾನಾಗಿ ಅಲ್ಲಿಗೆ ಮುಂದುವರಿಯುವುದಿಲ್ಲ. ಜೀವನಾಂಶದ ಆದೇಶವಾದರೂ ಭಾವ ಕಟ್ಟದಿದ್ದರೆ ಅಮಲ್ಜಾರಿಗೆ ಪ್ರತ್ಯೇಕ ಅರ್ಜಿ ಹಾಕಬೇಕು, ಅದಕ್ಕೂ ಇದೇ ಕಚೇರಿಯ ಬಾಗಿಲಿಗೆ ಬರಬೇಕು.

ನಾಳೆಯೇ ಒಂದು ಹೊತ್ತು ರಜೆ ಹಾಕಿ ಅಕ್ಕನನ್ನು ಕರೆದುಕೊಂಡು ಬನ್ನಿ. ಬರುವಾಗ ಸಮನ್ಸ್‌ನ ಎರಡು ಜೆರಾಕ್ಸ್ ಇರಲಿ, ಮೂಲ ಪ್ರತಿಯನ್ನು ಯಾರ ಕೈಗೂ ಬಿಟ್ಟುಕೊಡಬೇಡಿ.